ಬಿಡು, ಕೈಬಿಡು, ಬಿಟ್ಟುಕೊಡು

ಕಳೆದ ಮಳೆಗಾಲದಲ್ಲಿ ನಾಲ್ಕು ಪುಟಗಳ ಒಂದು ಕರಪತ್ರ ತಿದ್ದುಪಡಿಗೆಂದು ನನ್ನ ಬಳಿ ಬಂದಿತ್ತು. ಧೂಮಪಾನ ಬಿಡಬೇಕೆನ್ನುವವರಿಗಾಗಿ ನಗರದ ಆಸ್ಪತ್ರೆಯೊಂದು ಇಂಗ್ಲಿಷಿನಲ್ಲಿ ಬರೆಸಿ, ಅನುವಾದ ಸಂಸ್ಥೆಯೊಂದರ ಮೂಲಕ ಕನ್ನಡಕ್ಕೆ ತರಿಸಿದ್ದ ಕರಪತ್ರ ಅದು. ಬಸವನಗುಡಿಯ ಮನೆಯಲ್ಲಿ ಕುಳಿತು ಇಂಥ ಕರಡುಗಳನ್ನು ತಿದ್ದುವುದೇ ನನ್ನ ಹೊಟ್ಟೆಪಾಡಾದ್ದರಿಂದ ಕಾಗುಣಿತದ ತಪ್ಪುಗಳು ನನ್ನನ್ನು ಬೆಚ್ಚಿಬೀಳಿಸುವುದಿಲ್ಲ. ಆದರೆ ಈ ಕರಪತ್ರದ ಮೊದಲ ಪುಟದ ತಲೆಯಲ್ಲಿ ದಪ್ಪ ಅಕ್ಷರಗಳಲ್ಲಿ "ಇಂದೇ ಸಿಗರೇಟು ಬಿಟ್ಟುಕೊಡಿ" ಎಂದಿತ್ತು. ಯಾರಿಗೆ ಬಿಟ್ಟುಕೊಡಬೇಕು ಎಂದು ನಾನು ಯೋಚಿಸುತ್ತಿರುವಾಗಲೇ ಕೊನೆಯ ಪುಟದ ಕೆಳಗೆ ಅಷ್ಟೇ ದಪ್ಪ ಅಕ್ಷರಗಳಲ್ಲಿ "ಎಂದಿಗೂ ಬಿಟ್ಟುಕೊಡಬೇಡಿ" ಎಂಬ ಮಾತು ಕಾಣಿಸಿತು. ಬಿಟ್ಟುಕೊಡಿ ಎಂದು ಶುರುವಾಗಿ ಬಿಟ್ಟುಕೊಡಬೇಡಿ ಎಂದು ಮುಗಿಯುವ ಈ ಉಪದೇಶವನ್ನು ಯಾವ ರೋಗಿ ಹೇಗೆ ಪಾಲಿಸಬೇಕು?

ಮೂಲವನ್ನು ತೆರೆದು ನೋಡಿದರೆ ಅಲ್ಲಿ ಎರಡೂ ಕಡೆ ಇದ್ದದ್ದು "ಗಿವ್ ಅಪ್" ಎಂಬ ಒಂದೇ ಕ್ರಿಯಾಪದ. ಮೊದಲನೆಯದು ಸಿಗರೇಟನ್ನು ಗಿವ್ ಅಪ್ ಮಾಡಿ ಎಂಬುದು, ಎರಡನೆಯದು ಎಂದೂ ಗಿವ್ ಅಪ್ ಮಾಡಬೇಡಿ ಎಂಬುದು. ಇಂಗ್ಲಿಷ್ ಓದುಗನಿಗೆ ಇವೆರಡರ ನಡುವೆ ಯಾವ ವಿರೋಧವೂ ಕಾಣುವುದಿಲ್ಲ, ಏಕೆಂದರೆ ಒಂದಕ್ಕೆ ಕರ್ಮವಿದೆ, ಇನ್ನೊಂದಕ್ಕೆ ಇಲ್ಲ. ಕರ್ಮವಿಲ್ಲದ ಗಿವ್ ಅಪ್ ಎಂದರೆ ಸೋಲೊಪ್ಪಿಕೊಳ್ಳುವುದು ಎಂದು ಅವನ ಕಿವಿ ತಾನಾಗಿ ತಿಳಿದುಕೊಳ್ಳುತ್ತದೆ. ಅನುವಾದಕರನ್ನು ದೂರುವಂತೆಯೂ ಇರಲಿಲ್ಲ. ಸಂಸ್ಥೆಯವರು ಕೊಟ್ಟ ಪದಪಟ್ಟಿಯಲ್ಲಿ ಒಂದು ಇಂಗ್ಲಿಷ್ ಪದದ ಎದುರು ಒಂದೇ ಕನ್ನಡ ಪದ ಇರಬೇಕೆಂಬ ನಿಯಮವಿತ್ತು, ಗಿವ್ ಅಪ್ ಎದುರು ಯಾರೋ ಎಂದೋ "ಬಿಟ್ಟುಕೊಡು" ಎಂದು ತುಂಬಿದ್ದರು. ಬೇರೆ ಪದ ಬಳಸಿದರೆ ಆ ಸಾಲು ಪರದೆಯ ಮೇಲೆ ಕೆಂಪಾಗುತ್ತಿತ್ತು. ಕೆಂಪು ಕಂಡರೆ ಅನುವಾದಕರಿಗೆ ದುಡ್ಡು ಕೈಸೇರುವುದು ತಡವಾಗುತ್ತದೆ.

ಆ ಕರಪತ್ರವನ್ನು ತಿದ್ದಿ ಕಳುಹಿಸಿದ ಮೇಲೂ ಪದಪಟ್ಟಿಯ ಆ ಒಂದು ಸಾಲು ನನ್ನ ತಲೆಯಿಂದ ಹೋಗಲಿಲ್ಲ. ಶಾಲೆಯಲ್ಲಿ ನಮಗೆ ಗಿವ್ ಅಪ್‌ನಂಥ ಫ್ರೇಸಲ್ ವರ್ಬ್‌ಗಳನ್ನು ಪಟ್ಟಿ ಮಾಡಿ, ಎದುರಿಗೊಂದು ಅರ್ಥ ಬರೆಸಿ, ಉರು ಹೊಡೆಸಿದ್ದರು. ಆ ಪಟ್ಟಿಯೂ ಈ ಪಟ್ಟಿಯೂ ಒಂದೇ ನಂಬಿಕೆಯ ಮೇಲೆ ನಿಂತಿವೆ: ಅಲ್ಲಿ ಒಂದು ಇದ್ದರೆ ಇಲ್ಲಿಯೂ ಒಂದು ಇರಲೇಬೇಕು.

ಬಸ್ಸಿನಲ್ಲಿ ಕೇಳಿದ ಎರಡು "ಬಿಡು"

ಬಿಟ್ಟುಕೊಡು ಎಂಬುದು ಸರಿಯಾಗಿ ಕೂರುವ ಜಾಗ ಯಾವುದು ಎಂದು ನನಗೆ ತೋರಿಸಿದ್ದು ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸು. ಜಯನಗರದಲ್ಲಿ ವಯಸ್ಸಾದ ಹೆಂಗಸೊಬ್ಬರು ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದು ಕೈಯಲ್ಲಿ ಕಂಬ ಹಿಡಿದು ನಿಂತಿದ್ದರು. ಕಂಡಕ್ಟರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಯುವಕನ ಭುಜ ತಟ್ಟಿ, "ಸ್ವಲ್ಪ ಸೀಟ್ ಬಿಟ್ಕೊಡಿ ಸಾರ್, ವಯಸ್ಸಾದೋರು ನಿಂತಿದಾರೆ" ಎಂದರು. ಹುಡುಗ ತಡಬಡಿಸಿ ಏಳಹೊರಟ. ಆಕೆ ಅವನ ಮುಖ ನೋಡಿ, "ಇರ್ಲಿ ಬಿಡಪ್ಪ, ಇನ್ನೆರಡು ಸ್ಟಾಪು" ಎಂದರು.

ಕಂಡಕ್ಟರ ಮಾತಿನಲ್ಲಿರುವ ಬಿಟ್ಟುಕೊಡು ಎಂಬುದರಲ್ಲಿ ಮೂರು ಜನ ಅಥವಾ ವಸ್ತು ಇರಲೇಬೇಕು: ಬಿಡುವವನು, ಬಿಟ್ಟ ವಸ್ತು, ಅದನ್ನು ಪಡೆಯುವವರು. "ಕೊಡು" ಎಂಬ ಎರಡನೆಯ ಕ್ರಿಯಾಪದ ಆ ಮೂರನೆಯವರನ್ನು ವಾಕ್ಯದೊಳಗೆ ಕರೆತರುತ್ತದೆ. ಸೀಟು, ಸೈಟು, ಹಕ್ಕು, ಪಾಲು ಇವನ್ನೆಲ್ಲ ಬಿಟ್ಟುಕೊಡಬಹುದು, ಏಕೆಂದರೆ ನಾವು ಬಿಟ್ಟದ್ದು ಇನ್ನೊಬ್ಬರಿಗೆ ಸಿಗುತ್ತದೆ. ಸಿಗರೇಟಿಗೆ ಹಾಗಾಗುವುದಿಲ್ಲ. ಸಿಗರೇಟನ್ನು ಬಿಟ್ಟುಕೊಡುವುದೆಂದರೆ ನಿಮ್ಮ ಪ್ಯಾಕೆಟ್ಟನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಂತೆ. ಅಲ್ಲಿಗೆ ಬರಿಯ "ಬಿಡು" ಸಾಕು, ಅದಕ್ಕಿಂತ ಒಂದಕ್ಷರ ಹೆಚ್ಚಾದರೂ ಕೆಡುತ್ತದೆ. ಇನ್ನು ಆ ತಾಯಿ ಹೇಳಿದ "ಇರ್ಲಿ ಬಿಡಪ್ಪ" ಎಂಬುದರಲ್ಲಿ ಯಾರೂ ಏನನ್ನೂ ಬಿಡುವುದಿಲ್ಲ. ಅಲ್ಲಿ ಬಿಡು ಎಂಬುದು ಮಾತನ್ನು ಅಲ್ಲಿಗೇ ಮುಗಿಸುವ, ಹುಡುಗನ ಮುಜುಗರವನ್ನು ಇಳಿಸುವ ಒಂದು ಧ್ವನಿ ಮಾತ್ರ.

ಈ ಬೆಳಕಿನಲ್ಲಿ ಕರಪತ್ರದ ಉಳಿದ ಸಾಲುಗಳನ್ನು ನೋಡಿದೆ. "ಮೂರನೆಯ ದಿನ ನಿಮಗೆ ಗಿವ್ ಅಪ್ ಮಾಡಬೇಕೆನ್ನಿಸಬಹುದು" ಎಂಬಲ್ಲಿ ಕನ್ನಡ "ಕೈಚೆಲ್ಲಿ ಕೂರಬೇಕೆನ್ನಿಸಬಹುದು" ಎನ್ನುತ್ತದೆ. ಎಷ್ಟು ಸಲ ಸೋತರೂ ನಿಮ್ಮ ತಂದೆಯ ಮೇಲೆ ಗಿವ್ ಅಪ್ ಮಾಡಬೇಡಿ ಎಂದು ಮನೆಯವರಿಗೆ ಹೇಳಿದ ಕಡೆ "ಅವರ ಕೈಬಿಡಬೇಡಿ" ಎಂದರೆ ಸರಿಹೋಗುತ್ತದೆ. ವೈದ್ಯರು ರೋಗಿಯನ್ನು ಗಿವ್ ಅಪ್ ಮಾಡಿದರೆ ನಮ್ಮಲ್ಲಿ "ಆಸೆ ಬಿಡಿ ಎಂದರು" ಎಂಬ ಇನ್ನೊಬ್ಬರ ಮಾತಾಗುತ್ತದೆ. ಕರಪತ್ರದ ಹೊರಗೆ ಬಂದರೆ ಕಳ್ಳ ಪೊಲೀಸರಿಗೆ ಶರಣಾಗುತ್ತಾನೆ, ಒಗಟು ಬಿಡಿಸಲಾಗದ ಮಗು "ಸೋತೆ, ನೀನೇ ಹೇಳು" ಎನ್ನುತ್ತದೆ. ಈ ಎಲ್ಲ ಕಡೆಯೂ ಇಂಗ್ಲಿಷಿನವನು ಗಿವ್ ಅಪ್ ಎಂದೇ ಹೇಳಬಲ್ಲ. ಕನ್ನಡವು ಏನನ್ನು ಬಿಡುತ್ತೇವೆ, ಯಾರಿಗಾಗಿ ಬಿಡುತ್ತೇವೆ, ಬಿಟ್ಟವನ ಮನಸ್ಸು ಎಂಥದು ಎಂಬುದನ್ನು ಕೇಳಿಕೊಂಡೇ ಕ್ರಿಯಾಪದವನ್ನು ಆರಿಸುತ್ತದೆ.

ಬಾಲದಲ್ಲಿರುವ ಉಪಸರ್ಗ

ಇಂಗ್ಲಿಷ್ ಹೀಗೇಕೆ ಎಂಬುದಕ್ಕೆ ಒಂದು ಹಳೆಯ ಸಾಕ್ಷಿಯಿದೆ. 1755ರಲ್ಲಿ ತಮ್ಮ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಹಿಂದೆ ಅಂಟಿಸಿದ ಚಿಕ್ಕ ಪದದಿಂದ ಅರ್ಥ ಬದಲಾಗುವ ಕ್ರಿಯಾಪದಗಳು ತಮ್ಮ ಭಾಷೆಯಲ್ಲಿ ಅತಿಯಾಗಿವೆ, ಪರದೇಶಿಗಳಿಗೆ ಅವೇ ದೊಡ್ಡ ತೊಡಕು ಎಂದು ಹೇಳಿಕೊಂಡಿದ್ದರು. ಫ್ರೇಸಲ್ ವರ್ಬ್ ಎಂಬ ಹೆಸರು ಜನಬಳಕೆಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನು ತಮ್ಮ ಪುಸ್ತಕದಲ್ಲಿ ಬಳಸಿದ ಮೇಲೆ. ಹೆಸರಿಲ್ಲದಿದ್ದಾಗಲೂ ತೊಡಕು ಮಾತ್ರ ಇದ್ದೇ ಇತ್ತು.

ಸಂಸ್ಕೃತ ಕಲಿತ ನಮ್ಮವರಿಗೆ ಇದು ಅಪರಿಚಿತವಲ್ಲ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಹೇಳುವ ಶ್ಲೋಕವನ್ನು ಪಾಠಶಾಲೆಗಳಲ್ಲಿ ಈಗಲೂ ಹೇಳಿಸುತ್ತಾರೆ: "ಉಪಸರ್ಗೇಣ ಧಾತ್ವರ್ಥೋ ಬಲಾದನ್ಯತ್ರ ನೀಯತೇ, ಪ್ರಹಾರಾಹಾರಸಂಹಾರವಿಹಾರಪರಿಹಾರವತ್." ಒಯ್ಯುವುದು ಎಂಬ ಅರ್ಥದ ಒಂದೇ ಧಾತು, ತಲೆಯ ಮೇಲಿನ ಉಪಸರ್ಗ ಬದಲಾದಂತೆ ಹೊಡೆತವೂ ಊಟವೂ ಕೊಲೆಯೂ ಸುತ್ತಾಟವೂ ಉಪಾಯವೂ ಆಗಿಬಿಡುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ಇಂಥ ಪದಗಳು ಕ್ರಿಯಾಪದದ ತಲೆಗೆ ಅಂಟಿಕೊಂಡಿದ್ದವು. ಶತಮಾನಗಳು ಕಳೆದಂತೆ ಅವುಗಳ ಕೆಲಸವನ್ನು ಬಾಲದಲ್ಲಿ ಬಿಡಿಯಾಗಿ ನಿಲ್ಲುವ ಪದಗಳು ವಹಿಸಿಕೊಂಡವು. ದಾಯಾದಿ ಭಾಷೆಯಾದ ಜರ್ಮನ್ ಇಂದಿಗೂ ನಡುದಾರಿಯಲ್ಲಿದೆ: ಗಿವ್ ಅಪ್ ಎಂಬುದಕ್ಕೆ ಅಲ್ಲಿ "ಆಉಫ್‌ಗೇಬನ್" ಎಂಬ ಒಂದೇ ಪದವಿದೆ, ಅದನ್ನು ಒಡೆದರೆ ಅದೇ "ಮೇಲೆ" ಮತ್ತು "ಕೊಡು" ಸಿಗುತ್ತವೆ, ಆದರೆ ಎಷ್ಟೋ ವಾಕ್ಯಗಳಲ್ಲಿ ಬಳಸಿದೊಡನೆ ಆ "ಆಉಫ್" ಕಳಚಿಕೊಂಡು ವಾಕ್ಯದ ತುದಿಗೆ ಹೋಗಿ ನಿಲ್ಲುತ್ತದೆ. ಒಂದಕ್ಕೊಂದು ಪದ ಸಿಕ್ಕಿತೆಂದು ಅಲ್ಲಿಯೂ ಹಿಗ್ಗುವಂತಿಲ್ಲ. ಜರ್ಮನರು ಸಿಗರೇಟನ್ನು ಮಾತ್ರವಲ್ಲ, ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲನ್ನೂ ಇದೇ ಪದದಿಂದ "ಕೊಡುತ್ತಾರೆ", ಮಕ್ಕಳಿಗೆ ಮನೆಪಾಠವನ್ನೂ ಇದರಿಂದಲೇ ಕೊಡುತ್ತಾರೆ.

ಈ ಬಾಲದ ಪದ ಎಲ್ಲಿಂದ ಇಷ್ಟು ಶಕ್ತಿ ಪಡೆಯಿತು ಎಂಬುದಕ್ಕೆ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಮಾಡಿದ ವಿಂಗಡಣೆ ನನಗೆ ಉಪಯೋಗಕ್ಕೆ ಬಂತು. ಮಳೆ ಬಂದಾಗ ನಮ್ಮ ರಸ್ತೆಯಲ್ಲಿ ಪ್ಲಾಸ್ಟಿಕ್ ಬಾಟಲಿ ತೇಲಿಕೊಂಡು ಮೋರಿಯೊಳಗೆ ಹೋಗುತ್ತದೆ. ಕನ್ನಡದಲ್ಲಿ ಈ ವಾಕ್ಯದ ಮುಖ್ಯ ಕ್ರಿಯಾಪದ "ಹೋಗು", ತೇಲುವುದು ಅದರ ಬಗೆಯನ್ನು ಹೇಳುವ ಪೂರ್ವಭಾಗ ಮಾತ್ರ. ಇಂಗ್ಲಿಷ್ ಇದನ್ನು ತಿರುವುಮುರುವು ಮಾಡುತ್ತದೆ: ತೇಲುವುದೇ ಮುಖ್ಯ ಕ್ರಿಯಾಪದವಾಗಿ, ಹೋಗುವ ದಿಕ್ಕು "ಇನ್‌ಟು" ಎಂಬ ಚಿಕ್ಕ ಪದದ ಪಾಲಾಗುತ್ತದೆ. ದಿಕ್ಕನ್ನು ಹೇಳುವ ಕೆಲಸ ಹೀಗೆ ಪುಟ್ಟ ಪದಗಳಿಗೆ ಬಂದಮೇಲೆ ಅವನ್ನು ಯಾವ ಕ್ರಿಯಾಪದಕ್ಕೆ ಬೇಕಾದರೂ ಸಿಕ್ಕಿಸಬಹುದು. ಆಮೇಲೆ ಅವು ದಿಕ್ಕನ್ನು ಮರೆತು ಬೇರೆ ಕೆಲಸಕ್ಕೂ ಇಳಿಯುತ್ತವೆ. ಅಪ್ ಎಂಬುದು ಮೇಲಕ್ಕೆ ಎಂಬ ಅರ್ಥವನ್ನು ಬಿಟ್ಟು ಪೂರ್ತಿಯಾಗಿ ಎಂಬ ಅರ್ಥಕ್ಕೆ ಬಂತು. ಈಟ್ ಅಪ್, ಯೂಸ್ ಅಪ್, ಡ್ರೈ ಅಪ್ ಇವುಗಳಲ್ಲಿ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ಎಲ್ಲವೂ ಮುಗಿದುಹೋಗುತ್ತವೆ.

ಈ "ಮುಗಿದುಹೋಗು" ಎಂಬಲ್ಲಿಯೇ ನಮ್ಮ ಭಾಷೆಯ ಉತ್ತರವಿದೆ. ಇಂಗ್ಲಿಷ್ ಕ್ರಿಯಾಪದದ ಹಿಂದೆ ದಿಕ್ಕಿನ ಪದವನ್ನು ಇಟ್ಟಲ್ಲಿ ಕನ್ನಡ ಇನ್ನೊಂದು ಕ್ರಿಯಾಪದವನ್ನೇ ಇಡುತ್ತದೆ. ತಿಂದುಹಾಕು, ಒಣಗಿಹೋಗು, ಬರೆದಿಡು, ಮಾಡಿಬಿಡು. ಇಲ್ಲಿನ ಹಾಕು, ಹೋಗು, ಇಡು, ಬಿಡು ಇವು ತಮ್ಮ ಮೂಲ ಅರ್ಥವನ್ನು ಅಪ್ ಪದದಷ್ಟೇ ಮರೆತಿವೆ. ಆದರೆ ನಮ್ಮ ಬಾಲದ ಪದಗಳು ಹೇಳುವ ಸಂಗತಿಯೇ ಬೇರೆ. ಕೆಲಸ ಯಾರಿಗಾಗಿ ಆಯಿತು, ಅದರ ಬಗ್ಗೆ ಹೇಳುವವನಿಗೆ ಏನನ್ನಿಸಿತು, ಅದು ಇನ್ನು ಹಿಂದಕ್ಕೆ ಬಾರದಂತೆ ಮುಗಿಯಿತೇ ಎಂಬುದನ್ನು ಅವು ಹೇಳುತ್ತವೆ. ಹೋಟೆಲಿನವನು ಎರಡು ಮಸಾಲೆ ದೋಸೆ ಕಟ್ಟಿಕೊಡುತ್ತಾನೆ. ಕರುವನ್ನು ಗೂಟಕ್ಕೆ ಕಟ್ಟಿಹಾಕುತ್ತಾರೆ. ಒಲ್ಲದ ಗಂಡನನ್ನು ಕಟ್ಟಿಕೊಂಡವಳು ತವರಿಗೆ ಬಂದು ಕಷ್ಟವನ್ನು ಹೇಳಿಕೊಳ್ಳುತ್ತಾಳೆ. ಈ "ಹೇಳಿಕೊಳ್ಳು" ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿಕೊಡಿ ಎಂದು ಯಾರಾದರೂ ಅವರಿಗೊಂದು ಪದಪಟ್ಟಿ ಕಳುಹಿಸಿದರೆ ಅವರ ಸಾಲುಗಳೂ ಕೆಂಪಾಗುತ್ತವೆ: ಒಮ್ಮೆ ಅದು ಮನಸ್ಸು ಬಿಚ್ಚುವುದು, ಇನ್ನೊಮ್ಮೆ ಬಡಾಯಿ ಕೊಚ್ಚುವುದು.

ಹಾಗಾಗಿ ಒಂದು ಪದಕ್ಕೆ ಒಂದು ಪದ ಸಿಗದಿರುವುದು ನಮ್ಮ ಬಡತನವಲ್ಲ, ಅವರ ಸಿರಿವಂತಿಕೆಯೂ ಅಲ್ಲ. ಎರಡೂ ಭಾಷೆಗಳಲ್ಲಿ ಬಾಲಕ್ಕೆ ಜಾಗವಿದೆ, ಅಲ್ಲಿ ಕೂರುವ ಸರಕು ಬೇರೆ.

ಕೈಕೊಟ್ಟ ಬೈಕು

ನಮ್ಮ ಮೇಲ್ಮನೆಯಲ್ಲಿ ಬಾಡಿಗೆಗಿರುವ ಲಖನೌ ಕಡೆಯ ಹುಡುಗ ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾನೆ. ಒಂದು ದಿನ ಗ್ಯಾರೇಜಿನಿಂದ ಬಂದವನು ನೇರ ನನ್ನ ಬಾಗಿಲಿಗೆ ಬಂದ. "ಆಂಟಿ, ಮೆಕ್ಯಾನಿಕ್ಕು ಗಾಡಿ ಎಲ್ಲಿ ಕೈಕೊಡ್ತು ಅಂತ ಕೇಳಿದ್ರು. ಗಾಡಿಗೆ ಕೈ ಎಲ್ಲಿದೆ?" ಕೈ ಗೊತ್ತು, ಕೊಡು ಗೊತ್ತು, ಎರಡೂ ಸೇರಿದಾಗ ಬೈಕು ನಡುರಸ್ತೆಯಲ್ಲಿ ನಿಂತುಹೋಗುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಅವನಿಗೆ ಒಂದು ಲೋಟ ಕಾಫಿ ಕೊಟ್ಟು, ಕೈಹಿಡಿ, ಕೈಬಿಡು, ಕೈಹಾಕು, ಕೈತಪ್ಪು, ಕೈಸೇರು, ಕೈಮೀರು, ಕೈಚೆಲ್ಲು ಎಂದು ಹೇಳುತ್ತಾ ಹೋದೆ. ಅವನು ಬರೆದುಕೊಳ್ಳುತ್ತಾ ಹೋದ. ಅರ್ಧದಲ್ಲಿ ಪೆನ್ನು ಕೆಳಗಿಟ್ಟು, "ಇದು ನಮ್ಮ ಸ್ಕೂಲಿನ ಗಿವ್ ಅಪ್, ಗಿವ್ ಇನ್ ಪಟ್ಟಿಯ ಹಾಗೇ ಇದೆ" ಎಂದ.

ಅಲ್ಲಿಯವರೆಗೆ ನನಗೆ ಹೊಳೆಯದಿದ್ದದ್ದು ಅವನಿಗೆ ಹೊಳೆದಿತ್ತು. ಅಪ್, ಆಫ್, ಇನ್ ಎಂಬವು ಇಂಗ್ಲಿಷಿನಲ್ಲಿ ಮಾಡುವ ಕೆಲಸದ ಒಂದು ಪಾಲನ್ನು ನಮ್ಮಲ್ಲಿ "ಕೈ" ಮಾಡುತ್ತದೆ. ಸಾಮಾನ್ಯ ಕ್ರಿಯಾಪದವೊಂದರ ತಲೆಗೆ ಅಂಟಿ, ಬಿಡಿ ಅರ್ಥಗಳನ್ನು ಕೂಡಿಸಿದರೆ ಬಾರದ ಅರ್ಥವನ್ನು ಅದು ಕೊಡುತ್ತದೆ. ಕೈಬಿಡುವುದಕ್ಕೂ ಬಿಡುವುದಕ್ಕೂ ಇರುವ ದೂರವನ್ನು ನೋಡಿ. ಸಿಗರೇಟನ್ನು ಬಿಡುತ್ತೇವೆ, ಆದರೆ ಯೋಜನೆಯನ್ನೂ ಮಕ್ಕಳನ್ನೂ ಕೈಬಿಡುತ್ತೇವೆ, ಅಂದರೆ ಹಿಡಿದಿರಬೇಕಾಗಿದ್ದದ್ದನ್ನು ಬಿಟ್ಟೆವು ಎಂಬ ದೂರು ಆ ಕೈಯಲ್ಲಿ ಅಡಗಿದೆ. ಗಿವ್ ಅಪ್ ಎಂಬುದರಲ್ಲಿ ಆ ದೂರಿಲ್ಲ, ಬೇಕಾದರೆ ಇಂಗ್ಲಿಷಿನವರು ಬೇರೆ ಕ್ರಿಯಾಪದಕ್ಕೆ ಹೋಗುತ್ತಾರೆ.

ಒಂದೇ ಪದ ಬೇಕೆಂದು ಹಟ ಹಿಡಿದವರು ಕೊನೆಗೆ ಸಂಸ್ಕೃತದ ಬಾಗಿಲು ತಟ್ಟುತ್ತಾರೆ. "ಧೂಮಪಾನವನ್ನು ತ್ಯಜಿಸಿರಿ." ಪದವೇನೋ ಒಂದೇ, ಆದರೆ ಅದು ಗೋಡೆಯ ಮೇಲಿನ ಫಲಕದ ಭಾಷೆ, ರಾತ್ರಿ ಹನ್ನೊಂದಕ್ಕೆ ಬೀಡಿ ಹುಡುಕುವವನ ಪಕ್ಕ ಕುಳಿತು ಹೇಳುವ ಮಾತಲ್ಲ. ಇಂಗ್ಲಿಷಿನಲ್ಲಿಯೂ ಇದೇ ಜೋಡಿ ಮೆಟ್ಟಿಲುಗಳಿವೆ. ಪುಟ್ ಆಫ್ ಮನೆಮಾತಾದರೆ ಪೋಸ್ಟ್‌ಪೋನ್ ಕಚೇರಿಯ ಮಾತು, ಅದೂ ಲ್ಯಾಟಿನ್ನಿನ "ಆಮೇಲೆ" ಮತ್ತು "ಇಡು" ಎಂಬೆರಡು ತುಂಡುಗಳು ಬೆಸೆದು ಆದದ್ದು. ಒಂದೇ ಪದ ಎಂದು ನಾವು ಹುಡುಕುವುದು ಬಹಳ ಸಲ ಇನ್ನೊಂದು ಭಾಷೆಯಲ್ಲಿ ಎಂದೋ ಗಟ್ಟಿಯಾದ ಎರಡು ಪದ.

ಬೆಂಗಳೂರಿನವರಿಗೆ ಮೂರನೆಯ ದಾರಿಯೂ ಗೊತ್ತು. ಇಡೀ ಫ್ರೇಸಲ್ ವರ್ಬನ್ನೇ ಎತ್ತಿಕೊಂಡು ಬಂದು "ಮಾಡು" ಸೇರಿಸುವುದು. ಆಫೀಸು ಮುಗಿದ ಮೇಲೆ ಮಗಳನ್ನು ಪಿಕಪ್ ಮಾಡುತ್ತೇವೆ. ಆದರೆ ಬಿದ್ದ ಪೆನ್ನನ್ನು ಯಾರೂ ಪಿಕಪ್ ಮಾಡುವುದಿಲ್ಲ, ಅದನ್ನು ಎತ್ತಿಕೊಳ್ಳುತ್ತೇವೆ. ಮೂಲದ ಹತ್ತಾರು ಅರ್ಥಗಳಲ್ಲಿ ಗಾಡಿಯಲ್ಲಿ ಕರೆದುಕೊಂಡು ಬರುವುದೊಂದನ್ನೇ ಕನ್ನಡ ಒಳಗೆ ಬಿಟ್ಟುಕೊಂಡಿದೆ. ಲೈಟಿನ ವಿಷಯದಲ್ಲಂತೂ ಕ್ರಿಯಾಪದವನ್ನು ಹೊರಗೇ ನಿಲ್ಲಿಸಿ ಬಾಲವನ್ನು ಮಾತ್ರ ಕರೆದುಕೊಂಡೆವು: ಆಫ್ ಮಾಡು, ಆನ್ ಮಾಡು.

ನಾಳೆ ಬಾ

ಕರಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪುಟ್ ಆಫ್. ಇದಕ್ಕೆ ಪಟ್ಟಿಯಲ್ಲಿದ್ದ "ಮುಂದೂಡು" ಎಂಬುದು ಪರೀಕ್ಷೆಗೂ ಮೀಟಿಂಗಿಗೂ ಸೊಗಸಾಗಿ ಹೊಂದುತ್ತದೆ. ಸಾಲಗಾರನು ಸಾಲ ಕೊಟ್ಟವನನ್ನು ಪುಟ್ ಆಫ್ ಮಾಡಿದರೆ ಅದು ಹೊಂದುವುದಿಲ್ಲ, ಅಲ್ಲಿಗೆ "ಸಾಗಹಾಕು" ಎಂಬ ಹಳೆಯ ಮಾತಿದೆ. ಮೊದಮೊದಲು ಬಾಯಿಯ ರುಚಿ ಬದಲಾಗಿ ಊಟವೇ ನಿಮ್ಮನ್ನು ಪುಟ್ ಆಫ್ ಮಾಡಬಹುದು ಎಂಬ ಸಾಲಿನಲ್ಲಿ ಪದ ಮಾತ್ರವಲ್ಲ, ವಾಕ್ಯದ ಎಲುಬೇ ಬದಲಾಗಬೇಕಾಯಿತು. ಇಂಗ್ಲಿಷಿನಲ್ಲಿ ಊಟ ಕರ್ತೃ, ಮನುಷ್ಯ ಕರ್ಮ. ಕನ್ನಡದಲ್ಲಿ ಊಟ ಯಾರಿಗೂ ಏನೂ ಮಾಡುವುದಿಲ್ಲ. "ನಿಮಗೆ ಊಟ ಸೇರದಿರಬಹುದು" ಎಂದು ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ನಿಂತು ಅನುಭವಿಸುತ್ತಾನೆ ಅಷ್ಟೆ. ಹೀಗಿರುವಾಗ ಪುಟ್ ಆಫ್ ಎದುರು ಯಾವ ಕ್ರಿಯಾಪದವನ್ನು ಬರೆದರೂ ಅದಕ್ಕೆ ಬೇಕಾದ ಕರ್ತೃವೇ ನಮ್ಮ ವಾಕ್ಯದಲ್ಲಿ ಇರುವುದಿಲ್ಲ.

ಇದರ ಪಕ್ಕದಲ್ಲೇ ಒಂದು ನಿಜವಾದ ಅಪಾಯವೂ ಅಡಗಿತ್ತು. ತೊಂದರೆ ಹೆಚ್ಚಾದರೆ ವೈದ್ಯರ ಭೇಟಿಯನ್ನು "ಬ್ರಿಂಗ್ ಫಾರ್ವರ್ಡ್" ಮಾಡಬಹುದು ಎಂಬುದನ್ನು ಕರಡಿನಲ್ಲಿ "ಭೇಟಿಯನ್ನು ಮುಂದಕ್ಕೆ ತರಬಹುದು" ಎಂದು ಬರೆದಿದ್ದರು. ಇಂಗ್ಲಿಷಿನಲ್ಲಿ ಅದು ಹೇಳಿದ ದಿನಕ್ಕಿಂತ ಮೊದಲು, ನಮ್ಮಲ್ಲಿ ಮುಂದಕ್ಕೆ ಎಂದರೆ ಇನ್ನೂ ತಡವಾಗಿ. ಎದೆನೋವಿನವನು ಬೇಗ ಬರುವ ಬದಲು ಒಂದು ವಾರ ಮನೆಯಲ್ಲೇ ಕೂರುತ್ತಿದ್ದ. "ಹೇಳಿದ ದಿನಕ್ಕಿಂತ ಮೊದಲೇ ಬನ್ನಿ" ಎಂದು ತಿದ್ದಿದೆ. ಈ ಗೊಂದಲದಿಂದ ಪಾರಾಗಲೆಂದೇ ಇರಬೇಕು, ನಮ್ಮ ಆಫೀಸುಗಳು ಪ್ರಿಪೋನ್ ಎಂಬ ಪದವನ್ನು ಅಷ್ಟು ಪ್ರೀತಿಯಿಂದ ಸಾಕಿಕೊಂಡಿರುವುದು.

ಕೊನೆಗೆ ಉಳಿದದ್ದು ಎರಡೂ ಫ್ರೇಸಲ್ ವರ್ಬ್‌ಗಳು ಒಂದರ ಮೇಲೊಂದು ಕೂತಿದ್ದ ಒಂದು ಪುಟ್ಟ ವಾಕ್ಯ: ಗಿವ್ ಅಪ್ ಮಾಡುವುದನ್ನು ಪುಟ್ ಆಫ್ ಮಾಡಬೇಡಿ. ಕರಡಿನಲ್ಲಿ ಅದು "ಬಿಟ್ಟುಕೊಡುವುದನ್ನು ಮುಂದೂಡಬೇಡಿ" ಎಂದಾಗಿತ್ತು. "ಬಿಡುವುದನ್ನು ಮುಂದೂಡಬೇಡಿ" ಎಂದು ತಿದ್ದಿದೆ. ತಪ್ಪಿರಲಿಲ್ಲ, ಆದರೆ ಜೀವವೂ ಇರಲಿಲ್ಲ. ಆ ಸಂಜೆ ಗೇಟಿನ ಹತ್ತಿರ ಪಕ್ಕದ ಹಳೆಯ ಮನೆಯ ಬಾಗಿಲು ಕಣ್ಣಿಗೆ ಬಿತ್ತು. ತೊಂಬತ್ತರ ದಶಕದಲ್ಲಿ ಈ ಊರಿನ ಎಷ್ಟೋ ಬಾಗಿಲುಗಳ ಮೇಲೆ ಇದ್ದಂತೆ ಅದರ ಮೇಲೂ ಸೀಮೆಸುಣ್ಣದಲ್ಲಿ ಬರೆದ "ನಾಳೆ ಬಾ" ಇತ್ತೆಂದು ನೆನಪಾಯಿತು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂದು ನಂಬಿಸಿದ್ದರು. ಮುಂದೂಡುವುದೂ ಸಾಗಹಾಕುವುದೂ ಎರಡೂ ಆ ಎರಡು ಪದಗಳಲ್ಲಿದ್ದವು. ಕನ್ನಡದಲ್ಲಿ ಪುಟ್ ಆಫ್ ಮಾಡುವುದೆಂದರೆ ಒಂದು ಕ್ರಿಯೆ ಎನ್ನುವುದಕ್ಕಿಂತ ಆಡುವ ಒಂದು ಮಾತು: ಇವತ್ತು ನಾಳೆ ಎನ್ನುವುದು.

"ನಾಳೆ ಬಿಡುತ್ತೇನೆ ಎನ್ನಬೇಡಿ" ಎಂದು ಬರೆದು ಕಳುಹಿಸಿದೆ. ಮರುದಿನ ಬೆಳಿಗ್ಗೆ ಸಂಸ್ಥೆಯಿಂದ ಫೋನು ಬಂತು. "ಮೇಡಂ, ಆ ಸಾಲಲ್ಲಿ ಪಟ್ಟಿಯ ಎರಡೂ ಪದ ಇಲ್ಲ ಅಂತ ಕೆಂಪು ತೋರಿಸ್ತಿದೆ." ಇಲ್ಲದಿರುವುದೇ ಸರಿ ಎಂದು ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆತ ಪಾಪ ಕೊನೆಯವರೆಗೂ ಕೇಳಿಸಿಕೊಂಡು, "ಹಾಗಿದ್ರೆ ಪಟ್ಟೀಲಿ ಏನಂತ ಹಾಕ್ಲಿ?" ಎಂದ. ಗಿವ್ ಅಪ್ ಎದುರು ಆರು ಸಾಲು ಮಾಡಿಸಿ, ಯಾವ ಕರ್ಮಕ್ಕೆ ಯಾವುದು ಎಂದು ಬರೆದುಕೊಟ್ಟೆ. ಪುಟ್ ಆಫ್ ಎದುರಿನ ಮನೆಯಲ್ಲಿ "ವಾಕ್ಯ ನೋಡಿ" ಎಂದಷ್ಟೇ ಬರೆಸಿದೆ. ಕರಪತ್ರ ಅಚ್ಚಾಗಿದೆ, ಆ ಮನೆ ಈಗಲೂ ಕೆಂಪಾಗಿಯೇ ಇದೆಯಂತೆ.